90% ವಿನ್ ರೇಟ್ ಇದ್ರೂ ಆಪ್ಶನ್ ಸೆಲ್ಲರ್ ಅಕೌಂಟ್ ಯಾಕೆ ಕರಗತ್ತೆ: ಪೇಆಫ್ ರೇಶಿಯೋ ಲೆಕ್ಕ

ಆಪ್ಶನ್ ಸೆಲ್ಲಿಂಗ್ ಕಲಿಸ್ತೀವಿ ಅನ್ನೋರ ಮಾತಲ್ಲಿ ಒಂದು ನಂಬರ್ ಯಾವಾಗಲೂ ಮುಂದೆ ಇರತ್ತೆ, ಅದು ವಿನ್ ರೇಟ್. "ಹತ್ತರಲ್ಲಿ ಒಂಬತ್ತು ವಾರ ಪ್ರಾಫಿಟ್", "ಬೈ ಮಾಡೋರು ಸೋಲ್ತಾರೆ, ಸೆಲ್ ಮಾಡೋರು ಗೆಲ್ತಾರೆ" ಅಂತೆಲ್ಲ. ಇದರಲ್ಲಿ ಸುಳ್ಳು ಏನೂ ಇಲ್ಲ, ಹತ್ತರಲ್ಲಿ ಒಂಬತ್ತು ವಾರ ನಿಜಕ್ಕೂ ಪ್ರಾಫಿಟ್ ಬರಬಹುದು. ಆದರೆ ಆ ಒಂಬತ್ತು ವಾರದಲ್ಲಿ ಎಷ್ಟು ಬಂತು, ಹತ್ತನೇ ವಾರದಲ್ಲಿ ಎಷ್ಟು ಹೋಯ್ತು ಅಂತ ಹೇಳದೆ ವಿನ್ ರೇಟ್ ಒಂದನ್ನೇ ಹೇಳಿದರೆ ದುಡ್ಡು ಬೆಳೀತಿದೆಯೋ ಕರಗ್ತಿದೆಯೋ ಅಂತ ಗೊತ್ತಾಗೋದೇ ಇಲ್ಲ. ಸಂಬಳದ ಉಳಿತಾಯ ತಂದು ಇದರಲ್ಲಿ ಹಾಕೋರು ಜಾಸ್ತಿ ಆಗ್ತಿರೋದರಿಂದ ಈ ಲೆಕ್ಕವನ್ನ ಒಮ್ಮೆ ಪೂರ್ತಿ ಬಿಡಿಸಿ ಬರೀಬೇಕು ಅನ್ನಿಸ್ತು.

ನಿಫ್ಟಿ ವೀಕ್ಲಿ ಆಪ್ಶನ್ನೇ ತಗೊಳ್ಳೋಣ, ನಮ್ಮಲ್ಲಿ ಬಹುಪಾಲು ಜನ ಸೆಲ್ ಮಾಡೋದು ಅದನ್ನೇ. ನಿಫ್ಟಿ 25,000 ಇದೆ, ಮಾರ್ಕೆಟ್ ಮುಂದೆ ಎಷ್ಟು ಏರಿಳಿಯಬಹುದು ಅಂತ ಹೇಳೋ ಇಂಡಿಯಾ ವಿಕ್ಸ್ 12-13ರ ಹತ್ತಿರ ಇದೆ, ಆಪ್ಶನ್ ಮುಗಿಯೋ ದಿನ, ಅಂದ್ರೆ ಎಕ್ಸ್‌ಪೈರಿಗೆ, ಒಂದು ವಾರ ಇದೆ ಅಂತ ಇಟ್ಕೊಳ್ಳಿ. ಒಬ್ಬರು 25,700 ಕಾಲ್ ಮತ್ತು 24,300 ಪುಟ್ ಎರಡನ್ನೂ ಸೆಲ್ ಮಾಡ್ತಾರೆ, ಅಂದ್ರೆ ಎಕ್ಸ್‌ಪೈರಿಯಲ್ಲಿ ನಿಫ್ಟಿ 25,700ರ ಮೇಲೆ ಅಥವಾ 24,300ರ ಕೆಳಗೆ ಇದ್ದರೆ ದಾಟಿದಷ್ಟು ಪಾಯಿಂಟ್ ಕೊಡ್ತೀನಿ ಅಂತ ಒಪ್ಕೊಂಡು, ಅದಕ್ಕೆ ಮೊದಲೇ ಪ್ರೀಮಿಯಂ ಅನ್ನೋ ದುಡ್ಡು ತಗೋತಾರೆ. ಈ ಎರಡು ಗೆರೆಗಳೇ ಸ್ಟ್ರೈಕ್, ಎರಡೂ ಕಡೆ 700 ಪಾಯಿಂಟ್ ದೂರ, ಹೀಗೆ ಎರಡೂ ಕಡೆ ಮಾರೋದನ್ನೇ ಸ್ಟ್ರ್ಯಾಂಗಲ್ ಅನ್ನೋದು. ಎರಡೂ ಸೇರಿ 20 ಪಾಯಿಂಟ್ ಪ್ರೀಮಿಯಂ ಸಿಕ್ತು, ಲಾಟ್ ಸೈಜ್ 65 ಅಂದ್ರೆ ಒಂದು ಲಾಟ್‌ಗೆ 1,300 ರೂಪಾಯಿ. ಆ ವಿಕ್ಸ್ ಹೇಳೋ ಪ್ರಕಾರ ಒಂದು ವಾರದಲ್ಲಿ ನಿಫ್ಟಿ ಈ 700 ಪಾಯಿಂಟ್ ಗೆರೆ ದಾಟದೆ ಒಳಗೇ ಮುಗಿಯೋ ಸಾಧ್ಯತೆ ಸುಮಾರು 90%. ಹಾಗಾಗಿ ಏನೂ ಗೊತ್ತಿಲ್ಲದೆ ಕಣ್ಣುಮುಚ್ಚಿ ಸೆಲ್ ಮಾಡಿದರೂ 90% ವಿನ್ ರೇಟ್ ಬರತ್ತೆ, ಅದಕ್ಕೆ ಚಾರ್ಟ್ ನೋಡೋದೂ ಬೇಡ ಇಂಡಿಕೇಟರೂ ಬೇಡ. 95% ಬೇಕಾ, ಇನ್ನೂ ದೂರದ ಸ್ಟ್ರೈಕ್ ತಗೊಳ್ಳಿ. 98% ಬೇಕಾ, ಇನ್ನೂ ದೂರ. ವಿನ್ ರೇಟ್ ಎಷ್ಟಿರಬೇಕು ಅನ್ನೋದನ್ನ ಸ್ಟ್ರೈಕ್ ಆರಿಸುವಾಗಲೇ ನಾವೇ ಆರಿಸ್ಕೊಂಡಿರ್ತೀವಿ, ಟ್ರೇಡರ್ ಎಷ್ಟು ಜಾಣ ಅಂತ ಅದು ಹೇಳಲ್ಲ.

ಇನ್ನು ಪೇಆಫ್ ರೇಶಿಯೋ. ಗೆದ್ದಾಗ ಸರಾಸರಿ ಎಷ್ಟು ಬರತ್ತೆ, ಅದನ್ನ ಸೋತಾಗ ಸರಾಸರಿ ಎಷ್ಟು ಹೋಗತ್ತೆ ಅನ್ನೋದರಿಂದ ಭಾಗಿಸಿದರೆ ಬರೋದೇ ಪೇಆಫ್ ರೇಶಿಯೋ. ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನೋ ಸ್ಥಿತಿಗೆ ಎಷ್ಟು ವಿನ್ ರೇಟ್ ಬೇಕು ಅನ್ನೋದಕ್ಕೆ ಒಂದೇ ಸಾಲಿನ ಸೂತ್ರ ಇದೆ:

ಬ್ರೇಕ್-ಈವನ್ ವಿನ್ ರೇಟ್ = ಸರಾಸರಿ ನಷ್ಟ ÷ (ಸರಾಸರಿ ಲಾಭ + ಸರಾಸರಿ ನಷ್ಟ)

ನಮ್ಮ ಉದಾಹರಣೆಯಲ್ಲಿ ಗೆದ್ದಾಗ 20 ಪಾಯಿಂಟ್. ಸೋತಾಗ ಸರಾಸರಿ 180 ಪಾಯಿಂಟ್ ಹೋದರೆ 180 ÷ 200, ಅಂದ್ರೆ ಸರಿಯಾಗಿ 90%. ಒಂಬತ್ತು ಸಲ 20 ಬಂದು 180 ಆಯ್ತು, ಒಂದು ಸಲ 180 ಹೋಯ್ತು, ಕೈಯಲ್ಲಿ ಸೊನ್ನೆ. ಸರಾಸರಿ ನಷ್ಟ 180ಕ್ಕಿಂತ ಒಂದು ಪಾಯಿಂಟ್ ಜಾಸ್ತಿ ಆದರೂ ಅದೇ 90% ವಿನ್ ರೇಟ್ ಇಟ್ಕೊಂಡೇ ಅಕೌಂಟ್ ಕೆಳಗೆ ಹೋಗೋಕೆ ಶುರು.

ಇಲ್ಲಿ ಒಂದು ವಿಷಯ ನಿಧಾನವಾಗಿ ನೋಡಬೇಕು, ಯಾಕಂದ್ರೆ ಇಡೀ ಗೊಂದಲ ಹುಟ್ಟೋದು ಇಲ್ಲೇ. ಈ ಸ್ಟ್ರ್ಯಾಂಗಲ್ ಮೇಲೆ ಸೆಲ್ಲರ್ ಎಕ್ಸ್‌ಪೈರಿಯಲ್ಲಿ ಕೊಡಬೇಕಾಗಿ ಬರೋ ದುಡ್ಡು, ಏನೂ ಕೊಡದ ವಾರಗಳನ್ನೂ ಸೇರಿಸಿ, ವಾರಕ್ಕೆ ಸರಾಸರಿ 18 ಪಾಯಿಂಟ್ ಅಂತ ಇಟ್ಕೊಳ್ಳಿ. ಆಗ 20ಕ್ಕೆ ಸೆಲ್ ಮಾಡಿದವರಿಗೆ ವಾರಕ್ಕೆ ಸರಾಸರಿ 2 ಪಾಯಿಂಟ್ ಉಳಿಯತ್ತೆ, ಇದನ್ನೇ ಎಕ್ಸ್‌ಪೆಕ್ಟೆನ್ಸಿ ಅನ್ನೋದು. 18ಕ್ಕೆ ಸೆಲ್ ಮಾಡಿದವರಿಗೆ ಸೊನ್ನೆ. ಮಾರ್ಕೆಟ್ ತಣ್ಣಗಿದೆ, ವಿಕ್ಸ್ ಕೆಳಗಿದೆ, ಅದೇ ಸ್ಟ್ರೈಕ್‌ಗಳಿಗೆ 16 ಪಾಯಿಂಟ್ ಅಷ್ಟೇ ಸಿಕ್ಕಿದೆ, ಆದರೆ ಮುಂದೆ ಬರೋ ಏರಿಳಿತ ಹಳೇ ಪ್ರಮಾಣದಲ್ಲೇ ಇದೆ ಅಂದ್ರೆ ವಾರಕ್ಕೆ ಮೈನಸ್ 2. ಈಗ ಈ ಮೂವರ ವಿನ್ ರೇಟ್ ನೋಡಿ, ಮೂವರದೂ ಹೆಚ್ಚುಕಮ್ಮಿ 90%. ನಿಫ್ಟಿ 24,300 ಮತ್ತು 25,700ರ ಒಳಗೆ ಮುಗಿಯತ್ತೋ ಇಲ್ವೋ ಅನ್ನೋದು ನೀವು 16ಕ್ಕೆ ಮಾರಿದ್ರಾ 20ಕ್ಕೆ ಮಾರಿದ್ರಾ ಅನ್ನೋದರ ಮೇಲೆ ನಿಂತಿಲ್ಲ. ಲಾಭ ಮಾಡೋ ಸೆಲ್ಲರ್‌ನೂ ನಿಧಾನವಾಗಿ ಮುಳುಗೋ ಸೆಲ್ಲರ್‌ನೂ ಬೇರೆ ಮಾಡಿ ತೋರಿಸೋ ಶಕ್ತಿ ವಿನ್ ರೇಟ್‌ಗೆ ಇಲ್ಲವೇ ಇಲ್ಲ. ಸೆಲ್ಲರ್‌ಗೆ ನಿಜವಾದ ಅನುಕೂಲ ಅಂತ ಒಂದಿದ್ದರೆ ಅದು ಪ್ರೀಮಿಯಂನಲ್ಲಿ ಲೆಕ್ಕ ಹಾಕಿರೋ ಏರಿಳಿತಕ್ಕಿಂತ ಆಮೇಲೆ ನಿಜವಾಗಿ ಆಗೋ ಏರಿಳಿತ ಸ್ವಲ್ಪ ಕಮ್ಮಿ ಇರೋದರಲ್ಲಿ ಇದೆ. ಇಂಡೆಕ್ಸ್ ಆಪ್ಶನ್‌ಗಳಲ್ಲಿ ಸರಾಸರಿಯಾಗಿ ಹಾಗೆ ಇರೋದು ಹಲವು ದೇಶಗಳಲ್ಲಿ ಕಂಡಿದೆ, ಸುಳ್ಳಲ್ಲ, ಆದರೆ ಆ ಅಂತರ ತೆಳು, ನಮ್ಮ ಲೆಕ್ಕದ 20ರಲ್ಲಿ 2 ಇದ್ದ ಹಾಗೆ.

ಈಗ ಒಂದು ಪೂರ್ತಿ ವರ್ಷ ಹಾಕಿ ನೋಡೋಣ. ಹಬ್ಬ ಹರಿದಿನ ಬಿಟ್ಟು 50 ವಾರ ಟ್ರೇಡ್ ಮಾಡಿದ್ರು, 45 ವಾರ ಗೆಲುವು, 5 ವಾರ ಸೋಲು. ಗೆಲುವಿನಿಂದ 45 × 20 = 900 ಪಾಯಿಂಟ್. ಸೋತ ಐದು ವಾರದಲ್ಲೂ ನಿಫ್ಟಿ ಗೆರೆಯನ್ನ ಸ್ವಲ್ಪವೇ ದಾಟಿತು, ಪ್ರತಿ ಸಲ ನಿವ್ವಳ 120 ಪಾಯಿಂಟ್ ಹೋಯ್ತು ಅಂದ್ರೆ 600. ವರ್ಷಕ್ಕೆ ಪ್ಲಸ್ 300 ಪಾಯಿಂಟ್, ಲಾಟ್‌ಗೆ 19,500 ರೂಪಾಯಿ. ಇದನ್ನ ಒಳ್ಳೇ ವರ್ಷ ಅನ್ನೋಣ.

ಇನ್ನೊಂದು ವರ್ಷ, ಅದೇ 45 ಗೆಲುವು ಅದೇ 5 ಸೋಲು. ನಾಲ್ಕು ಸೋಲು ಅದೇ 120ರದ್ದು, ಒಟ್ಟು 480. ಐದನೇದು ಮಾತ್ರ ದೊಡ್ಡದು, ನಿಫ್ಟಿ ಒಂದು ವಾರದಲ್ಲಿ 1,420 ಪಾಯಿಂಟ್ ಬಿತ್ತು, ಪ್ರೀಮಿಯಂ ಕಳೆದು 700 ಪಾಯಿಂಟ್ ನಷ್ಟ. ಒಟ್ಟು ನಷ್ಟ 1,180, ಗೆಲುವು 900, ವರ್ಷಕ್ಕೆ ಮೈನಸ್ 280 ಪಾಯಿಂಟ್, ಲಾಟ್‌ಗೆ 18,200 ರೂಪಾಯಿ ಕೈಯಿಂದ ಹೋಯ್ತು. ವಿನ್ ರೇಟ್ ಎರಡೂ ವರ್ಷ 90%, ಒಂದು ಚೂರೂ ವ್ಯತ್ಯಾಸ ಇಲ್ಲ. ಬದಲಾಗಿದ್ದು ಸರಾಸರಿ ನಷ್ಟ, 120 ಇದ್ದದ್ದು 236 ಆಯ್ತು, ಅದಕ್ಕೆ ಬೇಕಾದ ಬ್ರೇಕ್-ಈವನ್ ವಿನ್ ರೇಟ್ 236 ÷ 256 ಅಂದ್ರೆ 92.2%ಗೆ ಏರಿತು. ಒಳ್ಳೇ ವರ್ಷದಲ್ಲಿ ಅದು 120 ÷ 140 ಅಂದ್ರೆ 85.7% ಇತ್ತು. ಐವತ್ತು ವಾರದಲ್ಲಿ ಒಂದೇ ಒಂದು ವಾರ ಈ ಗೆರೆಯನ್ನ 90ರ ಕೆಳಗಿಂದ 90ರ ಮೇಲೆ ಎತ್ತಿಬಿಡತ್ತೆ.

ಹಾಗಾದ್ರೆ ಪ್ರಶ್ನೆ ಬರೋದು ಆ ಕೆಟ್ಟ ವಾರ ಎಷ್ಟು ವರ್ಷಕ್ಕೊಮ್ಮೆ ಬರತ್ತೆ ಅಂತ. ಎರಡು ವರ್ಷಕ್ಕೊಮ್ಮೆ ಬಂದ್ರೆ ಪ್ಲಸ್ 300, ಮೈನಸ್ 280, ಎರಡು ವರ್ಷ ದುಡಿದು 20 ಪಾಯಿಂಟ್, ಅದೂ ಖರ್ಚು ಕಳೆಯೋ ಮುಂಚೆ. ಮೂರು ವರ್ಷಕ್ಕೊಮ್ಮೆ ಬಂದ್ರೆ 300 + 300 − 280 = 320, ವರ್ಷಕ್ಕೆ ಸರಾಸರಿ 107 ಪಾಯಿಂಟ್. ಇದರಲ್ಲಿ ಖರ್ಚು ಕಳೀರಿ: ಆರ್ಡರ್‌ಗೆ 20 ರೂಪಾಯಿ ಬ್ರೋಕರೇಜ್ ಅಂದ್ರೂ ಕಾಲ್, ಪುಟ್ ಎರಡಕ್ಕೂ ಸೇರಿ 40, ಮೇಲೆ 18% ಜಿಎಸ್‌ಟಿ, ಎಸ್‌ಟಿಟಿ, ಎಕ್ಸ್‌ಚೇಂಜ್ ಚಾರ್ಜ್ ಸೇರಿ ವಾರಕ್ಕೆ ಸುಮಾರು 50 ರೂಪಾಯಿ, ಅಂದ್ರೆ ಮುಕ್ಕಾಲು ಪಾಯಿಂಟ್, ವರ್ಷಕ್ಕೆ 38 ಪಾಯಿಂಟ್ ಹತ್ತಿರ. ಉಳೀತು 69 ಪಾಯಿಂಟ್, ಲಾಟ್‌ಗೆ 4,485 ರೂಪಾಯಿ. ಇದಕ್ಕೆ ಬ್ರೋಕರ್ ಹತ್ತಿರ ಅಡವಾಗಿ ಬ್ಲಾಕ್ ಆಗೋ ದುಡ್ಡು, ಅಂದ್ರೆ ಮಾರ್ಜಿನ್, ಎರಡು ಲಕ್ಷ ಅಂತ ಹಿಡಿದರೆ ವರ್ಷಕ್ಕೆ 2.2%. ಲಿಕ್ವಿಡ್ ಫಂಡ್ ಅಥವಾ ಬಾಂಡ್ ಪ್ಲೆಡ್ಜ್ ಮಾಡಿ ಮಾರ್ಜಿನ್ ಕೊಡೋರಿಗೆ ಆ ಬಡ್ಡಿಯ ಮೇಲೆ ಇದು ಹೆಚ್ಚುವರಿ, ಹಾಗಾಗಿ ಅವರಿಗೆ ಸ್ವಲ್ಪ ಅರ್ಥ ಇದೆ. ಕ್ಯಾಶ್ ಇಟ್ಟು ಮಾಡೋರಿಗೆ ಬ್ಯಾಂಕ್ ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡತ್ತೆ. ಇಷ್ಟೂ ಸ್ಲಿಪೇಜ್, ಅಂದ್ರೆ ಅಂದ್ಕೊಂಡ ಬೆಲೆಗೂ ಸಿಕ್ಕ ಬೆಲೆಗೂ ಇರೋ ವ್ಯತ್ಯಾಸ, ಸೇರಿಸದೇ ಇರೋ ಲೆಕ್ಕ ಅನ್ನೋದನ್ನ ಮರೀಬೇಡಿ, ಸೋತ ವಾರಗಳಲ್ಲಿ ಗಾಬರಿಯಲ್ಲಿ ವಾಪಸ್ ಬೈ ಮಾಡುವಾಗ ಬಿಡ್-ಆಸ್ಕ್ ಅಂತರದಲ್ಲೇ ಎಷ್ಟೋ ಪಾಯಿಂಟ್ ಹೋಗ್ತವೆ.

ಈಗ ಮೂರು ವರ್ಷಕ್ಕೊಮ್ಮೆ ಬರೋ ವಾರ ಒಬ್ಬರ ಟ್ರೇಡಿಂಗ್ ಜರ್ನಲ್‌ನಲ್ಲಿ ಹೇಗೆ ಕಾಣತ್ತೆ ಅಂತ ಯೋಚಿಸಿ. ಬಹಳ ಸಲ ಕಾಣೋದೇ ಇಲ್ಲ. ವಾರಕ್ಕೆ 2% ಸಾಧ್ಯತೆ ಇರೋ ದೊಡ್ಡ ನಷ್ಟ, ಅಂದ್ರೆ ಸರಾಸರಿ ವರ್ಷಕ್ಕೊಂದು ಬರಬೇಕಾದದ್ದು, ಅದು ಕೂಡ 50 ವಾರದಲ್ಲಿ ಒಮ್ಮೆಯೂ ಬರದೇ ಇರೋ ಸಾಧ್ಯತೆ 0.98ನ್ನ 50 ಸಲ ಗುಣಿಸಿದರೆ 36%. ನೂರು ಜನ ಒಂದೇ ಥರ, ನಷ್ಟದ ಎಕ್ಸ್‌ಪೆಕ್ಟೆನ್ಸಿ ಇಟ್ಕೊಂಡೇ ಸೆಲ್ ಮಾಡ್ತಾ ಇದ್ರೂ, ಅವರು ಬೇರೆ ಬೇರೆ ವರ್ಷಗಳಲ್ಲಿ ಶುರು ಮಾಡಿದ್ದರೆ, 36 ಜನರ ಮೊದಲ ವರ್ಷದ ಸ್ಟೇಟ್‌ಮೆಂಟ್ ಚೆನ್ನಾಗಿಯೇ ಇರತ್ತೆ. ಆ ಸ್ಟೇಟ್‌ಮೆಂಟ್‌ಗಳೇ ಸ್ಕ್ರೀನ್‌ಶಾಟ್ ಆಗಿ ಓಡಾಡೋದು, ಉಳಿದ 64 ಜನ ತೋರಿಸೋಕೆ ಬರಲ್ಲ. ಅಂಕಿಅಂಶದವರು ಬಳಸೋ ಒಂದು ಸುಲಭ ನಿಯಮ ಇದೆ, ಎನ್ ಸಲ ನೋಡಿದಾಗ ಒಂದು ಘಟನೆ ಒಮ್ಮೆಯೂ ಆಗಿಲ್ಲ ಅಂದ್ರೆ ಅದರ ಸಾಧ್ಯತೆ 3 ÷ ಎನ್ ತನಕ ಇರಬಹುದು ಅಂತ 95% ಭರವಸೆಯಲ್ಲಿ ಹೇಳಬಹುದು. 50 ವಾರ ಕ್ಲೀನ್ ಅಂದ್ರೆ ಇನ್ನೂ 6% ತನಕ ಸಾಧ್ಯತೆ ಉಳಿದಿದೆ. ನಮ್ಮ ಸ್ಟ್ರ್ಯಾಂಗಲ್ ನೆಗೆಟಿವ್ ಆಗೋಕೆ ವಾರಕ್ಕೆ ಒಂದು ಪರ್ಸೆಂಟ್ ಆಸುಪಾಸು ಇದ್ದರೆ ಸಾಕು. ಹಾಗಾಗಿ ಒಂದು ವರ್ಷದ ಒಳ್ಳೇ ರೆಕಾರ್ಡ್‌ನಿಂದ ಸ್ಟ್ರಾಟಜಿ ಪಾಸಿಟಿವ್ ಅಂತ ಸಾಬೀತು ಮಾಡೋಕೆ ಆಗಲ್ಲ, ಎರಡು ವರ್ಷದ್ದರಿಂದಲೂ ಆಗಲ್ಲ.

ಇಂಥ ವಾರ ನಮ್ಮ ಮಾರ್ಕೆಟ್‌ನಲ್ಲಿ ಅಷ್ಟು ಅಪರೂಪ ಅಂತಲೂ ಹೇಳೋಕಾಗಲ್ಲ. 23 ಮಾರ್ಚ್ 2020ರಂದು ನಿಫ್ಟಿ ಒಂದೇ ದಿನ 13% ಹತ್ತಿರ ಬಿತ್ತು. 24 ಫೆಬ್ರವರಿ 2022, ರಷ್ಯಾ ಉಕ್ರೇನ್ ಮೇಲೆ ನುಗ್ಗಿದ ದಿನ, 815 ಪಾಯಿಂಟ್, 4.8%, ಅದೂ ಎಕ್ಸ್‌ಪೈರಿ ದಿನ. 4 ಜೂನ್ 2024, ಲೋಕಸಭೆ ಚುನಾವಣೆ ಫಲಿತಾಂಶ, 5.9%. 7 ಏಪ್ರಿಲ್ 2025, ಅಮೆರಿಕದ ಸುಂಕದ ಗಲಾಟೆಯಲ್ಲಿ, ಹಿಂದಿನ ಕ್ಲೋಸ್ 22,904 ಇದ್ದ ನಿಫ್ಟಿ ಬೆಳಿಗ್ಗೆ ಓಪನ್ ಆಗಿದ್ದೇ 21,758ರಲ್ಲಿ.

ಇವುಗಳಲ್ಲಿ 4 ಜೂನ್ 2024ನ್ನ ಬಿಡಿಸಿ ನೋಡಿದರೆ ವಿನ್ ರೇಟ್ ಇನ್ನೊಂದು ರೀತಿಯಲ್ಲೂ ಮರೆಮಾಚತ್ತೆ ಅಂತ ಗೊತ್ತಾಗತ್ತೆ. ಹಿಂದಿನ ದಿನ, ಜೂನ್ 3ರಂದು, ಎಕ್ಸಿಟ್ ಪೋಲ್ ಖುಷಿಗೆ ನಿಫ್ಟಿ 3% ಮೇಲೆ ಏರಿ 23,263.90ರಲ್ಲಿ ಕ್ಲೋಸ್ ಆಗಿತ್ತು. ಇಷ್ಟು ಏರಿದೆ, ಇನ್ನು 22,000ಕ್ಕೆ ಯಾಕೆ ಬರತ್ತೆ ಅಂತ ಒಬ್ಬರು ಜೂನ್ 6ರ ಎಕ್ಸ್‌ಪೈರಿಯ 22,000 ಪುಟ್ ಸೆಲ್ ಮಾಡಿದ್ರು ಅಂದ್ಕೊಳ್ಳಿ, 1,260 ಪಾಯಿಂಟ್ ಕೆಳಗಿನ ಸ್ಟ್ರೈಕ್, ಪ್ರೀಮಿಯಂ 40 ಪಾಯಿಂಟ್ ಅಂತ ಲೆಕ್ಕಕ್ಕೆ ಇಟ್ಕೊಳ್ಳೋಣ. ಆಗ ಲಾಟ್ ಸೈಜ್ 25 ಇತ್ತು, ಕೈಗೆ ಬಂದದ್ದು 1,000 ರೂಪಾಯಿ. ಮರುದಿನ ಎಣಿಕೆ ನಡೀತಿದ್ದ ಹಾಗೆ ನಿಫ್ಟಿ 21,281ರ ತನಕ ಬಿತ್ತು. ಆ ಕ್ಷಣದಲ್ಲಿ 22,000 ಪುಟ್‌ನ ಒಳಮೌಲ್ಯವೇ, ಅಂದ್ರೆ 22,000ಕ್ಕಿಂತ ನಿಫ್ಟಿ ಕೆಳಗೆ ಬಿದ್ದಷ್ಟು, 719 ಪಾಯಿಂಟ್, ವಿಕ್ಸ್ 30ರ ಮೇಲೆ ಹೋಗಿದ್ದರಿಂದ ಅದರ ಮೇಲಿನ ಟೈಮ್ ವ್ಯಾಲ್ಯೂ ಬೇರೆ. ಒಳಮೌಲ್ಯ ಮಾತ್ರ ಹಿಡಿದರೂ ಲಾಟ್‌ಗೆ 17,975 ರೂಪಾಯಿ, ಅಂದ್ರೆ ಬಂದ ಪ್ರೀಮಿಯಂನ ಹತ್ತಿರ ಹತ್ತಿರ 18 ಪಟ್ಟು. ಅಲ್ಲಿ ಮಾರ್ಜಿನ್ ಸಾಲದೆ ಪೊಸಿಶನ್ ಕಟ್ ಆದವರಿಗೆ ಹಿಂದಿನ ಹದಿನೇಳು ಹದಿನೆಂಟು ಗೆಲುವು ಒಂದೇ ಏಟಿಗೆ ಹೋಯ್ತು.

ಆದರೆ ಆ ದಿನದ ಕೊನೆಗೆ ನಿಫ್ಟಿ 21,884ರಲ್ಲಿ ಕ್ಲೋಸ್ ಆಯ್ತು, ಜೂನ್ 5ರಂದು 22,620ಕ್ಕೆ ವಾಪಸ್ ಬಂತು, ಜೂನ್ 6ರ ಎಕ್ಸ್‌ಪೈರಿಗೆ 22,821. ಅದೇ 22,000 ಪುಟ್ ಸೊನ್ನೆ ಆಗಿ ಮುಗೀತು! ಅಕೌಂಟಲ್ಲಿ ಸಾಕಷ್ಟು ದುಡ್ಡಿದ್ದು ಹಿಡ್ಕೊಂಡು ಕೂತವರ ಜರ್ನಲ್‌ನಲ್ಲಿ ಆ ವಾರ ಒಂದು ಗೆಲುವು, ಪೂರ್ತಿ 40 ಪಾಯಿಂಟ್, ಬೇರೆ ಯಾವುದೇ ಸಾಮಾನ್ಯ ವಾರದ ಗೆಲುವಿನ ಹಾಗೇ. 18 ಪಟ್ಟು ನಷ್ಟ ಮೈಮೇಲೆ ಬಂದು ಹೋಗಿದ್ದು ಎಲ್ಲೂ ದಾಖಲಾಗಲ್ಲ. ಒಂದೇ ಸ್ಟ್ರೈಕ್, ಒಂದೇ ದಿನ, ಇಬ್ಬರ ಫಲಿತಾಂಶ ಇಷ್ಟು ಬೇರೆ, ವ್ಯತ್ಯಾಸ ಮಾಡಿದ್ದು ಅಕೌಂಟಲ್ಲಿ ಎಷ್ಟು ಜಾಗ ಬಿಟ್ಟಿದ್ರು ಅನ್ನೋದು ಮಾತ್ರ. 23 ಮಾರ್ಚ್ 2020ರಲ್ಲಿ ಆ ದಿನದೊಳಗೆ ಕಾಪಾಡೋಕೆ ಯಾವ ವಾಪಸ್ ಏರಿಕೆಯೂ ಇರಲಿಲ್ಲ.

ಇಲ್ಲಿ ಕೆಲವರು ಕೇಳ್ತಾರೆ, ಸ್ಟಾಪ್ ಲಾಸ್ ಹಾಕಿದ್ರೆ ಮುಗೀತಲ್ವಾ ಅಂತ. ಸ್ಟಾಪ್ ಲಾಸ್ ಹಾಕೋದು ಒಳ್ಳೇದೇ, ಆದರೆ ಅದು ಎಕ್ಸ್‌ಪೆಕ್ಟೆನ್ಸಿ ಹುಟ್ಟಿಸಲ್ಲ, ಪೇಆಫ್ ರೇಶಿಯೋ ಸುಧಾರಿಸಿ ಅದರ ಬೆಲೆಯನ್ನ ವಿನ್ ರೇಟ್‌ನಿಂದ ಕಿತ್ಕೊಳ್ಳತ್ತೆ. 20ಕ್ಕೆ ಮಾರಿದ ಸ್ಟ್ರ್ಯಾಂಗಲ್ 60 ಆದ್ರೆ ಹೊರಗೆ ಅಂತ ಇಟ್ಟರೆ ನಷ್ಟ 40, ಬೇಕಾದ ವಿನ್ ರೇಟ್ 40 ÷ 60, ಸುಮಾರು 67%. ಓದೋಕೆ ಬಹಳ ಸುಲಭದ ಗುರಿ ಥರ ಕಾಣತ್ತೆ. ಆದರೆ ವಿನ್ ರೇಟ್ ಇನ್ನು 90%ರಲ್ಲಿ ಉಳಿಯಲ್ಲ. ನಿಫ್ಟಿ ವಾರದ ಮಧ್ಯೆ ಒಂದು ಸ್ಟ್ರೈಕ್‌ನ್ನ ಮುಟ್ಟೋ ಸಾಧ್ಯತೆ ಎಕ್ಸ್‌ಪೈರಿಯಲ್ಲಿ ಅದರಾಚೆ ಮುಗಿಯೋ ಸಾಧ್ಯತೆಯ ಸುಮಾರು ಎರಡರಷ್ಟು ಇರತ್ತೆ, ಪ್ರೀಮಿಯಂ ಮೂರು ಪಟ್ಟು ಆಗೋಕೆ ಸ್ಟ್ರೈಕ್ ತನಕ ಹೋಗೋದೂ ಬೇಡ, ಅರ್ಧ ದಾರಿಯಲ್ಲೇ ಆಗಬಹುದು. ಸ್ಟಾಪ್ ಹೊಡೆದ ಮೇಲೆ ಮಾರ್ಕೆಟ್ ವಾಪಸ್ ಬಂದ ವಾರಗಳೆಲ್ಲ ಈಗ ಸೋಲಿನ ಕಾಲಮ್‌ಗೆ ಹೋಗ್ತವೆ. ಇದರ ಮೇಲೆ 7 ಏಪ್ರಿಲ್ 2025ರಂಥ ಬೆಳಿಗ್ಗೆ 1,100 ಪಾಯಿಂಟ್ ಗ್ಯಾಪ್ ಬಿದ್ದರೆ ನೀವು ಇಟ್ಟ 60ರಲ್ಲಿ ಎಕ್ಸಿಟ್ ಸಿಗೋದೇ ಇಲ್ಲ, ಮಾರ್ಕೆಟ್ ಓಪನ್ ಆದ ಬೆಲೆ ಏನಿದೆಯೋ ಅದೇ. ಹಾಗಾಗಿ ಸ್ಟಾಪ್ ಹಾಕಿ ಹಳೇ ಡೇಟಾ ಮೇಲೆ ಬ್ಯಾಕ್‌ಟೆಸ್ಟ್ ಮಾಡುವಾಗ ಗ್ಯಾಪ್ ದಿನಗಳಿಗೂ 60ರಲ್ಲೇ ಹೊರಗೆ ಬಂದೆ ಅಂತ ಲೆಕ್ಕ ಹಾಕಿದ್ದರೆ ಆ ಬ್ಯಾಕ್‌ಟೆಸ್ಟ್ ನಂಬೋ ಹಾಗಿಲ್ಲ. ಮೊದಲೇ ಇನ್ನೂ ದೂರದ ಸ್ಟ್ರೈಕ್ ಬೈ ಮಾಡಿ ಇಟ್ಕೊಳ್ಳೋದು, ಅಂದ್ರೆ ಐರನ್ ಕಾಂಡೋರ್, ಈ ವಿಷಯದಲ್ಲಿ ಪ್ರಾಮಾಣಿಕ. ಮಾರಿದ ಸ್ಟ್ರೈಕ್‌ಗೂ ಬೈ ಮಾಡಿದ ಸ್ಟ್ರೈಕ್‌ಗೂ 300 ಪಾಯಿಂಟ್ ಅಂತರ, ಕೈಗೆ ನಿವ್ವಳ 14 ಪಾಯಿಂಟ್ ಅಂದ್ರೆ ಅತಿ ಹೆಚ್ಚು ನಷ್ಟ 286, ರಾತ್ರೋರಾತ್ರಿ ಏನೇ ಆದ್ರೂ ಅದಕ್ಕಿಂತ ಜಾಸ್ತಿ ಹೋಗಲ್ಲ. ಪ್ರೀಮಿಯಂ ಕಮ್ಮಿ ಆಯ್ತು ಅಂತ ಬೇಜಾರು ಪಡೋ ಆ 6 ಪಾಯಿಂಟ್ ಮೊದಲಿಂದಲೂ ನಿಮ್ಮ ಲಾಭ ಆಗಿರಲಿಲ್ಲ, ಕೆಟ್ಟ ವಾರದ ಬಾಬ್ತು ಅದು.

ವಿನ್ ರೇಟ್ ಜಾಸ್ತಿ ಇರೋದರಿಂದ ಆಗೋ ಇನ್ನೊಂದು ಅಪಾಯ ಲಾಟ್ ಏರಿಸೋದು, ನನ್ನ ಪ್ರಕಾರ ಜನ ಹೆಚ್ಚು ದುಡ್ಡು ಕಳ್ಕೊಳ್ಳೋದು ಇಲ್ಲೇ. ಸತತವಾಗಿ ಇಪ್ಪತ್ತು ವಾರ ಗೆದ್ದ ಮೇಲೆ ಒಂದೇ ಲಾಟ್‌ನಲ್ಲಿ ಇರೋಕೆ ಯಾರಿಗೂ ಮನಸ್ಸಾಗಲ್ಲ. ಮೇಲಿನ ಮೂರು ವರ್ಷದ ಲೆಕ್ಕ ತಗೊಳ್ಳಿ, ಒಳ್ಳೇದು, ಒಳ್ಳೇದು, ಕೆಟ್ಟದ್ದು, ಒಂದು ಲಾಟ್‌ಗೆ ಪ್ಲಸ್ 320 ಇತ್ತು. ಮೊದಲ ವರ್ಷ 1 ಲಾಟ್, ಎರಡನೇ ವರ್ಷ 2, ಮೂರನೇ ವರ್ಷ ಪೂರ್ತಿ ನಂಬಿಕೆ ಬಂದು 4 ಲಾಟ್ ಮಾಡಿದ್ರೆ 300 + 600 − 1,120, ಮೈನಸ್ 220. ಅದೇ ಸ್ಟ್ರಾಟಜಿ, ಅದೇ 90%, ಎಕ್ಸ್‌ಪೆಕ್ಟೆನ್ಸಿಯೂ ಪಾಸಿಟಿವ್ ಇತ್ತು, ಆದರೂ ದುಡ್ಡು ಹೋಯ್ತು, ಯಾಕಂದ್ರೆ ಸಣ್ಣ ಗೆಲುವುಗಳು ಸಣ್ಣ ಲಾಟ್‌ನಲ್ಲಿ ಬಂದವು, ದೊಡ್ಡ ಸೋಲು ದೊಡ್ಡ ಲಾಟ್‌ನಲ್ಲಿ ಬಂತು. ಸೋತ ಪೊಸಿಶನ್‌ನ್ನ ಮುಂದಿನ ವಾರಕ್ಕೆ ರೋಲ್ ಮಾಡಿ, ಲಾಟ್ ಡಬಲ್ ಮಾಡಿ "ರಿಕವರ್" ಮಾಡೋದೂ ಇದೇ ಜಾತಿಯದು, ಸಣ್ಣ ಸೋಲುಗಳು ಗೆಲುವಾಗಿ ಬದಲಾಗಿ ವಿನ್ ರೇಟ್ 90ರಿಂದ 96ಕ್ಕೆ ಏರತ್ತೆ, ಉಳಿದ 4ರಲ್ಲಿ ಹೋಗೋ ಮೊತ್ತ ಮಾತ್ರ ಅದಕ್ಕಿಂತ ಜೋರಾಗಿ ಏರತ್ತೆ.

ಸೆಬಿ ಪ್ರಕಾರ 2024-25ರಲ್ಲಿ ಈಕ್ವಿಟಿ ಡೆರಿವೇಟಿವ್‌ನಲ್ಲಿ ಟ್ರೇಡ್ ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಸುಮಾರು 91% ಜನ ನಿವ್ವಳ ನಷ್ಟದಲ್ಲಿದ್ರು, ಒಟ್ಟು ನಷ್ಟ ಒಂದು ಲಕ್ಷ ಕೋಟಿ ರೂಪಾಯಿ ದಾಟಿತ್ತು. ಇದರಲ್ಲಿ ಬೈ ಮಾಡೋರೂ ಸೇರಿದ್ದಾರೆ, ಹಾಗಾಗಿ ಈ 91%ನ್ನ ಸೆಲ್ಲರ್‌ಗಳ ತಲೆಗೆ ಕಟ್ಟೋದು ತಪ್ಪು. ಆದರೆ "ಬೈಯರ್ ಸೋಲ್ತಾನೆ, ಅಂದಮೇಲೆ ಸೆಲ್ಲರ್ ಆಗಿರೋ ನಾನು ಗೆಲ್ತೀನಿ" ಅನ್ನೋ ತರ್ಕವೂ ಅಷ್ಟೇ ತಪ್ಪು, ಬೈಯರ್ ಕಳ್ಕೊಂಡ ದುಡ್ಡು ಖರ್ಚಿಗೂ ಆಲ್ಗೋ ಇಟ್ಟಿರೋ ದೊಡ್ಡ ಸಂಸ್ಥೆಗಳಿಗೂ ಹೋಗತ್ತೆ.

ನಿಮ್ಮದೇ ರೆಕಾರ್ಡ್ ಇದ್ದರೆ ಪರೀಕ್ಷೆ ಮಾಡೋದು ಕಷ್ಟ ಏನಲ್ಲ. ಬ್ರೋಕರ್ ಆ್ಯಪ್‌ನಿಂದ ಲಾಭ-ನಷ್ಟದ ರಿಪೋರ್ಟ್ ಡೌನ್‌ಲೋಡ್ ಮಾಡಿ, ಚಾರ್ಜ್ ಕಳೆದ ಮೇಲಿನ ನಂಬರ್ ತಗೊಂಡು ಸರಾಸರಿ ಗೆಲುವು, ಸರಾಸರಿ ಸೋಲು ಎರಡನ್ನೂ ಬೇರೆ ಬೇರೆ ತೆಗೀರಿ, ಮೇಲಿನ ಸೂತ್ರದಲ್ಲಿ ಹಾಕಿ. ಬಂದ ಬ್ರೇಕ್-ಈವನ್ ವಿನ್ ರೇಟ್‌ಗೂ ನಿಮ್ಮ ವಿನ್ ರೇಟ್‌ಗೂ ನಡುವೆ ಎರಡು ಮೂರು ಪರ್ಸೆಂಟ್ ಅಷ್ಟೇ ಅಂತರ ಇದ್ದರೆ ಅದನ್ನ ಲಾಭ ಅಂತ ಹೇಳೋಕೆ ಸಾಲಲ್ಲ. ಆಮೇಲೆ ರೆಕಾರ್ಡ್‌ನಲ್ಲಿ ಇಲ್ಲದ ಒಂದು ಸಾಲನ್ನ ನೀವೇ ಸೇರಿಸಿ: ಈಗ ನೀವು ಇಟ್ಟಿರೋ ಲಾಟ್‌ಗಳ ಮೇಲೆ, ನಾಳೆ ಬೆಳಿಗ್ಗೆ ನಿಫ್ಟಿ 6% ಕೆಳಗೆ ಓಪನ್ ಆದ್ರೆ ಎಷ್ಟು ಹೋಗತ್ತೆ ಅಂತ. 25,000ರಲ್ಲಿ ಅದು 1,500 ಪಾಯಿಂಟ್, 24,300 ಪುಟ್‌ನ ಮೇಲೆ 800 ಪಾಯಿಂಟ್ ಒಳಮೌಲ್ಯ, ಲಾಟ್‌ಗೆ 52,000 ರೂಪಾಯಿ, ಅಂದ್ರೆ 1,300ರ ಹಾಗೆ 40 ಗೆಲುವು. ಈ ಸಾಲು ಸೇರಿಸಿದ ಮೇಲೂ ಎರಡು ಮೂರು ವರ್ಷದ ಒಟ್ಟು ಮೊತ್ತ ಪಾಸಿಟಿವ್ ಉಳಿದರೆ, ಆ ಮೊತ್ತ ಹೋದ ಮೇಲೂ ಅಕೌಂಟಲ್ಲಿ ಮಾರ್ಜಿನ್ ಉಳಿದಿದ್ದರೆ, ಆಗ ಆ ಸೆಲ್ಲಿಂಗ್‌ನಲ್ಲಿ ಏನೋ ಇದೆ ಅನ್ನಬಹುದು. ಯಾರಾದ್ರೂ ಕೋರ್ಸ್ ಮಾರೋಕೆ 90% ವಿನ್ ರೇಟ್ ತೋರಿಸಿದಾಗಲೂ ಕೇಳಬೇಕಾದ್ದು ಇದೇ: ನಿಮ್ಮ ಅತಿ ಕೆಟ್ಟ ವಾರದಲ್ಲಿ ಎಷ್ಟು ವಾರದ ಪ್ರೀಮಿಯಂ ಹೋಯ್ತು, 4 ಜೂನ್ 2024ರ ಮತ್ತು 7 ಏಪ್ರಿಲ್ 2025ರ ಕಾಂಟ್ರಾಕ್ಟ್ ನೋಟ್ ತೋರಿಸ್ತೀರಾ ಅಂತ.